ಇಸ್ತಾಂಬುಲ್‌ಗೆ ಹೊರಟವರು 1054ರ ಜೊತೆ 1204ನ್ನೂ ಹುಡುಕಿ

ಒಂದು ಕಾಲಕ್ಕೆ ಪೂರ್ವ ಕ್ರೈಸ್ತರ ಮಹಾ ಚರ್ಚ್ ಆಗಿದ್ದ ಆಯಾ ಸೋಫಿಯಾದ ಹೊರಗೆ ಛತ್ರಿ ಹಿಡಿದು ನಿಂತಿರುವ ಗೈಡ್‌ಗಳಿಗೆ ದುಡ್ಡು ಕೊಡಬೇಡಿ. ನಮಗೆ ಸಿಕ್ಕಿದ ಮಹಾನುಭಾವ ಟಿಕೆಟ್‌ನ ಮೇಲೆ ತನ್ನ ಪಾಲನ್ನೂ ಸೇರಿಸಿ ವಸೂಲಿ ಮಾಡಿ, ಪೋಪ್ ಪೂರ್ವದ ಕ್ರೈಸ್ತರನ್ನೆಲ್ಲ ಬಹಿಷ್ಕರಿಸಿದ ಬಲಿಪೀಠವನ್ನು ಹತ್ತಿರದಿಂದ ತೋರಿಸುತ್ತೇನೆ ಎಂದಿದ್ದ. ಆ ಬಲಿಪೀಠ ಈಗ ಇಲ್ಲವೇ ಇಲ್ಲ. ಕಟ್ಟಡ ಮತ್ತೆ ಮಸೀದಿಯಾಗಿದೆ. 2024ರ ಜನವರಿಯಿಂದ ವಿದೇಶಿ ಪ್ರವಾಸಿಗರಿಗೆ ಮಹಡಿಯ ಗ್ಯಾಲರಿ ಮಾತ್ರ ತೆರೆದಿದೆ. ಕಟಕಟೆಗೆ ಒರಗಿ, ನೂಕುನುಗ್ಗಲಿನ ನಡುವೆ ಕೆಳಗೆ ಬಗ್ಗಿ ನೋಡಬೇಕು. ಜನಜಂಗುಳಿ ಆಗದವರು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಶುಕ್ರವಾರ ಮಧ್ಯಾಹ್ನವಂತೂ ಬೇಡ.

ಗೈಡ್ ಹೇಳಿದ ಚರಿತ್ರೆಯೂ ತಪ್ಪು. ಕ್ರೈಸ್ತ ಸಭೆ ಪಶ್ಚಿಮದ ಕ್ಯಾಥೊಲಿಕ್, ಪೂರ್ವದ ಆರ್ಥೊಡಾಕ್ಸ್ ಎಂದು ಒಡೆದದ್ದು 1054ರಲ್ಲಿ ಎನ್ನುವುದು ವಾಡಿಕೆ. 1054ರ ಜುಲೈ 16ರಂದು ಪೋಪ್‌ನ ದೂತ ಕಾರ್ಡಿನಲ್ ಹಂಬರ್ಟ್ ಇಲ್ಲಿಯ ಬಲಿಪೀಠದ ಮೇಲೆ ಬಹಿಷ್ಕಾರ ಪತ್ರ ಇಟ್ಟು ನಡೆದದ್ದು ನಿಜ. ಆದರೆ ಅದರ ಗುರಿ ಈ ನಗರದ, ಅಂದರೆ ಆಗಿನ ಕಾನ್‌ಸ್ಟಾಂಟಿನೋಪಲ್‌ನ, ಮುಖ್ಯ ಬಿಷಪ್ ಆಗಿದ್ದ ಪಿತೃಪ್ರಧಾನ ಮೈಕೆಲ್ ಕೆರುಲಾರಿಯಸ್ ಮತ್ತು ಅವನ ಬೆಂಬಲಿಗರು, ಇಡೀ ಪೂರ್ವ ಸಭೆಯಲ್ಲ. ಆತ ತಿರುಗಿ ಬಹಿಷ್ಕರಿಸಿದ್ದೂ ಆ ಪತ್ರ ಬರೆದವರನ್ನು, ಪೋಪ್‌ನನ್ನಲ್ಲ. ಹಂಬರ್ಟ್‌ನನ್ನು ಕಳಿಸಿದ್ದ ಪೋಪ್ ಒಂಬತ್ತನೆಯ ಲಿಯೋ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದ. ಸತ್ತವನ ಹೆಸರಿನಲ್ಲಿ ಕೊಟ್ಟ ಪತ್ರಕ್ಕೆ ಬೆಲೆ ಎಷ್ಟು ಎಂಬ ಪ್ರಶ್ನೆ ಹಾಗೇ ಉಳಿಯಿತು. ಊರಿನ ಜನಸಾಮಾನ್ಯರ ಮಟ್ಟಿಗೆ ಅದು ದೊಡ್ಡವರ ಜಗಳ.

ನಿಜವಾದ ಗಾಯ ಕಾಣಬೇಕೆಂದರೆ ದಕ್ಷಿಣ ಗ್ಯಾಲರಿಯ ನೆಲ ನೋಡಿ. ಎಲ್ಲರೂ ಕ್ರಿಸ್ತನ ಮೊಸಾಯಿಕ್ ಚಿತ್ರದ ಫೋಟೋ ತೆಗೆಯುತ್ತಿರುತ್ತಾರೆ. ಅದರ ಸಮೀಪದಲ್ಲೇ ಒಂದು ಕಲ್ಲಿನಲ್ಲಿ ‘ಹೆನ್ರಿಕಸ್ ಡಾಂಡೊಲೊ’ ಎಂದು ಕೆತ್ತಿದೆ. ವೆನಿಸ್‌ನ ಮುಖ್ಯಸ್ಥನಾಗಿದ್ದ ಈ ಕುರುಡು ಮುದುಕ ಪಶ್ಚಿಮದ ಕ್ರೈಸ್ತರ ನಾಲ್ಕನೆಯ ಧರ್ಮಯುದ್ಧದ ಸೈನ್ಯಕ್ಕೆ ಹಡಗು ಕೊಟ್ಟವನು. ಸೈನ್ಯ ಹೊರಟಿದ್ದು ಈಜಿಪ್ಟ್‌ಗೆ. ಹಡಗಿನ ಬಾಡಿಗೆ ತೀರಿಸಲಾಗದೆ ಸಾಲದಲ್ಲಿದ್ದವರಿಗೆ, ಸಿಂಹಾಸನ ಕೊಡಿಸಿದರೆ ಹಣ ಕೊಡುತ್ತೇನೆ ಎಂದು ಈ ನಗರವೇ ರಾಜಧಾನಿಯಾಗಿದ್ದ ಬೈಜಾಂಟಿಯಂ ಸಾಮ್ರಾಜ್ಯದ ರಾಜಕುಮಾರನೊಬ್ಬ ಆಸೆ ತೋರಿಸಿದ. ಪಟ್ಟವೇರಿದ ಮೇಲೆ ಅಷ್ಟು ಹಣ ಹೊಂದಿಸಲು ಅವನಿಂದಾಗಲಿಲ್ಲ. 1204ರ ಏಪ್ರಿಲ್‌ನಲ್ಲಿ ಶಿಲುಬೆ ಹೊತ್ತವರೇ ಈ ಕ್ರೈಸ್ತ ನಗರವನ್ನು ದೋಚಿದರು, ಆಯಾ ಸೋಫಿಯಾವನ್ನೂ ಬಿಡಲಿಲ್ಲ. ಪಿತೃಪ್ರಧಾನನ ಪೀಠದಲ್ಲಿ ಪಶ್ಚಿಮದ ಲ್ಯಾಟಿನ್ ಬಿಷಪ್ ಕುಳಿತ. ಗ್ರೀಕರು ನಗರವನ್ನು ಮರಳಿ ಪಡೆದದ್ದು 1261ರಲ್ಲಿ. ಡಾಂಡೊಲೊನ ಸಮಾಧಿಯ ಗುರುತಾಗಿ ಈಗಿರುವ ಕಲ್ಲು ಹತ್ತೊಂಬತ್ತನೆಯ ಶತಮಾನದ್ದು, ಅಡಿಯಲ್ಲಿ ಏನೂ ಇಲ್ಲ. ನಮ್ಮ ಗೈಡ್ ಅದನ್ನು ದಾಟಿಕೊಂಡೇ ಹೋದ.

ಮಾರನೆಯ ದಿನ ಟಿ5 ಟ್ರಾಮ್ ಹತ್ತಿ ಫೆನೆರ್ ಬಡಾವಣೆಗೆ ಹೋಗಿ. ಕಾನ್‌ಸ್ಟಾಂಟಿನೋಪಲ್‌ನ ಪಿತೃಪ್ರಧಾನರ ಪೀಠ ಇಂದಿಗೂ ಅಲ್ಲೇ ಇದೆ, ಸಂತ ಜಾರ್ಜ್ ಚರ್ಚಿನಲ್ಲಿ. ಪ್ರವೇಶಕ್ಕೆ ಹಣವಿಲ್ಲ. ಸಂತ ಗ್ರೆಗರಿ ಮತ್ತು ಸಂತ ಜಾನ್ ಕ್ರಿಸೊಸ್ಟೊಮ್ ಅವರ ಅಸ್ಥಿ ಅವಶೇಷಗಳನ್ನು ಅಲ್ಲಿ ನೋಡಬಹುದು. ಅವನ್ನು 2004ರ ನವೆಂಬರ್‌ನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ರೋಮ್‌ನಿಂದ ಹಿಂತಿರುಗಿಸಿದರು. 1054ರ ಪರಸ್ಪರ ಬಹಿಷ್ಕಾರಗಳನ್ನು ಎರಡೂ ಕಡೆಯವರು 1965ರ ಡಿಸೆಂಬರ್ 7ರಂದೇ ಸ್ಮೃತಿಯಿಂದ ಅಳಿಸಿದ್ದರು.

ಫೆನೆರ್‌ನಲ್ಲಿ ಏರುದಾರಿ ಹತ್ತುವ ಮೊದಲು ಕೂಲಿಯವರು, ಅಂಗಡಿಯವರು ಉಣ್ಣುವ ಸಣ್ಣ ಲೊಕಾಂತಾ ಹುಡುಕಿ. ಕೆಂಪು ಬೇಳೆಯ ಸೂಪಿಗೆ ನಿಂಬೆಹಣ್ಣು ಹಿಂಡಿ, ಮೇಲೆ ಖಾರದಪುಡಿ ಉದುರಿಸಿಕೊಂಡರೆ ನಮ್ಮ ಸಾರಿನ ಹತ್ತಿರದ ಸಂಬಂಧಿಯಂತೆ ಗಂಟಲಿಗಿಳಿಯುತ್ತದೆ. ಬಿಸಿ ಬ್ರೆಡ್ಡನ್ನು ಕೇಳದೆಯೇ ಮತ್ತೆ ಮತ್ತೆ ತಂದಿಟ್ಟರು, ಅದಕ್ಕೆ ಲೆಕ್ಕವಿಲ್ಲ. ಬಿಳಿ ಬೀನ್ಸ್ ಕಾಳಿನ ಪಲ್ಯ, ಬೆಣ್ಣೆಯ ಅನ್ನ ಸೇರಿದರೂ ಆಯಾ ಸೋಫಿಯಾ ಇರುವ ಸುಲ್ತಾನಹಮೆತ್‌ನ ಒಂದು ಕಾಫಿಯ ಬೆಲೆಗಿಂತ ಕಡಿಮೆ ಬಿತ್ತು. ಸಸ್ಯಾಹಾರಿಗಳು ‘ಎತ್ಸಿಜ್’, ಅಂದರೆ ಮಾಂಸವಿಲ್ಲದ್ದು, ಎಂದು ಕೇಳಿಯೇ ತಟ್ಟೆ ಪಡೆಯಿರಿ. ಬೀನ್ಸ್ ಕಾಳಿನ ಪಲ್ಯದಲ್ಲೂ ಮಾಂಸದ ತುಂಡು ಹಾಕಿರುತ್ತಾರೆ.

ಬ್ರೆಡ್ಡೂ ಹಳೆಯ ಜಗಳದ ವಿಷಯವೇ. ಇಸ್ತಿಕ್ಲಾಲ್ ಬೀದಿಯ ಸಂತ ಅಂತೋನಿ ಕ್ಯಾಥೊಲಿಕ್ ಚರ್ಚಿನಲ್ಲಿ, ಮಂಗಳೂರಿನ ಇಗರ್ಜಿಗಳಲ್ಲಿ ಕೊಡುವಂತೆಯೇ, ಹುದುಗು ಬರಿಸದ ತೆಳ್ಳನೆಯ ಬಿಲ್ಲೆಯನ್ನು ಪರಮಪ್ರಸಾದವಾಗಿ ಕೊಡುತ್ತಾರೆ. ಫೆನೆರ್‌ನಲ್ಲಿ ಉಬ್ಬಿದ ರೊಟ್ಟಿ. 1054ರಲ್ಲಿ ಇದಕ್ಕೇ ಹೊಡೆದಾಟದಂತಾಗಿತ್ತು, ಇಂದು ಅದನ್ನು ದೊಡ್ಡದು ಮಾಡುವವರು ಕಡಿಮೆ. ವಿಶ್ವಾಸ ಪ್ರಮಾಣದಲ್ಲಿ ಪವಿತ್ರಾತ್ಮ ‘ತಂದೆಯಿಂದ’ ಹೊರಡುತ್ತದೆ ಎಂದಿದ್ದುದಕ್ಕೆ ಪಶ್ಚಿಮದವರು ‘ಮಗನಿಂದಲೂ’ ಎಂದು ಸೇರಿಸಿದ್ದು ಇನ್ನೂ ಉಳಿದಿರುವ ತಕರಾರು. ಅರ್ಥದ ಬಗ್ಗೆ ಮಾತುಕತೆ ಸಾಧ್ಯವಾದರೂ, ಎಲ್ಲರ ಪ್ರಮಾಣಕ್ಕೆ ಒಬ್ಬರೇ ಮಾತು ಸೇರಿಸಲು ಅಧಿಕಾರ ಕೊಟ್ಟವರು ಯಾರು ಎಂಬಲ್ಲಿ ಗಂಟು ಬೀಳುತ್ತದೆ. ಪೋಪ್‌ಗೆ ಮೊದಲ ಗೌರವ ಕೊಡಲು ಆರ್ಥೊಡಾಕ್ಸ್‌ನವರು ಸಿದ್ಧ. ಆದರೆ ಎಲ್ಲ ಬಿಷಪ್‌ಗಳ ಮೇಲೂ ನೇರ ಅಧಿಕಾರ, ಜೊತೆಗೆ ಪೋಪ್ ಅಧಿಕೃತವಾಗಿ ಬೋಧಿಸಿದ್ದು ತಪ್ಪಾಗದು ಎಂಬ 1870ರ ಘೋಷಣೆ ಅವರಿಗೆ ಒಪ್ಪಿಗೆಯಿಲ್ಲ. ಅದಕ್ಕೇ ಇಬ್ಬರೂ ಜೊತೆಯಲ್ಲಿ ಪ್ರಾರ್ಥಿಸಿದರೂ ಪರಮಪ್ರಸಾದವನ್ನು ಒಟ್ಟಿಗೆ ಸ್ವೀಕರಿಸುವುದಿಲ್ಲ.

ಒಂದು ಮಾತು: ಬ್ರಹ್ಮಾವರದ ಆರ್ಥೊಡಾಕ್ಸ್ ಚರ್ಚ್ ನೋಡಿದವರು ಅದನ್ನು ಈ ಕತೆಗೆ ಜೋಡಿಸಬೇಡಿ. ಅದು ಸೇರಿರುವ ಮಲಂಕರ ಪರಂಪರೆ 451ರಲ್ಲಿ ಕಾಲ್ಸೆಡನ್‌ನಲ್ಲಿ ಸೇರಿದ್ದ ಬಿಷಪ್‌ಗಳ ಮಹಾಸಭೆಯ ತೀರ್ಮಾನವನ್ನು ಒಪ್ಪದ ಬೇರೆ ಕವಲು.

ಈಸ್ಟರ್ ನೋಡಲು ಹೋಗುವವರು ದಿನಾಂಕ ಎರಡು ಸಲ ಪರೀಕ್ಷಿಸಿ. ಲೆಕ್ಕದ ಪಂಚಾಂಗ ಬೇರೆಯಾದ್ದರಿಂದ 2027ರಲ್ಲಿ ಕ್ಯಾಥೊಲಿಕರಿಗೆ ಮಾರ್ಚ್ 28, ಫೆನೆರ್‌ನಲ್ಲಿ ಮೇ 2. ಅಲ್ಲಿಯ ಪೂಜೆ ಹಿಂದಿನ ರಾತ್ರಿಯೇ ಶುರುವಾಗುವುದರಿಂದ ಮರಳಲು ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಮೀಟರ್ ಹಾಕಿಸಿಯೇ ಕುಳಿತುಕೊಳ್ಳಿ.