ಸೊನ್ನೆ ಒತ್ತಿದ್ರೆ ಮುಗೀತಾ?

“ಸಾರ್, ಗ್ರಿಡ್‌ಗೆ ಸೋಲಾರ್ ಕರೆಂಟ್ ಬಿಡೋ ಹಾಗಿಲ್ಲ. ಇನ್ವರ್ಟರ್‌ನಲ್ಲಿ ಎಕ್ಸ್‌ಪೋರ್ಟ್ ಲಿಮಿಟ್ 0 ಅಂತ ಹಾಕಿದ್ರೆ ಆಯ್ತು ಅಲ್ವಾ?”

ಆಗಲ್ಲ. ಕಟ್ಟಡದ ಕರೆಂಟ್ ಎತ್ತ ಹರಿಯುತ್ತಿದೆ ಅಂತ ಇನ್ವರ್ಟರ್‌ಗೆ ತಾನಾಗಿ ತಿಳಿಯುವುದಿಲ್ಲ. ಗ್ರಿಡ್‌ನಿಂದ ಕಟ್ಟಡಕ್ಕೆ ಬರುವ ಮೇನ್ ಇನ್‌ಕಮರ್ ಮೇಲೆ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ಹಾಕಿದ ಮೀಟರ್ ಹೇಳಬೇಕು. ಅದು ತಪ್ಪು ಹೇಳಿದರೆ ನಿಮ್ಮ ಸೊನ್ನೆಯೂ ತಪ್ಪೇ. ಸಿಟಿ 400/5 ಇದ್ದು ಮೀಟರ್‌ನಲ್ಲಿ ಆ ಅನುಪಾತ ಹಾಕದಿದ್ದರೆ, 80 ಕಿಲೋವ್ಯಾಟ್ ಹರಿದರೂ ಅದು 1 ಅಂತ ತೋರಿಸುತ್ತದೆ. ಒಂದು ಫೇಸಿನ ಸಿಟಿ ತಿರುಗಿ ಕೂತಿದ್ದರೂ ಲೆಕ್ಕ ಕೆಟ್ಟಂತೆಯೇ. ಪತ್ತೆಹಚ್ಚುವುದು ಸುಲಭ: ಸೋಲಾರ್ ಆಫ್ ಮಾಡಿ, ಮೂರೂ ಫೇಸ್‌ನ ಕಿಲೋವ್ಯಾಟ್ ನೋಡಿ. ಒಂದರಲ್ಲಿ ಮೈನಸ್ ಕಂಡರೆ ಮೊದಲು ಅದನ್ನು ಸರಿಪಡಿಸಿ.

“ಸಿಟಿ ಎಲ್ಲ ಸರಿ ಇದೆ, 0 ಹಾಕಿದ್ದೀವಿ, ಆದ್ರೂ ರಿಲೇ ಟ್ರಿಪ್ ಆಗ್ತಿದೆ” ಅನ್ನೋರು ಮುಂದಿನ ಸಾಲಿನವರು. ಕರೆಂಟ್ ಗ್ರಿಡ್‌ನತ್ತ ಹೋದರೆ ಸೋಲಾರನ್ನು ಕಡಿಯುವುದು ಈ ರಿಲೇಯ ಕೆಲಸ. ಲೋಡ್ 40 ಕಿಲೋವ್ಯಾಟ್, ಸೋಲಾರ್ 40. ಎಸಿಯ 15 ಕಿಲೋವ್ಯಾಟಿನ ಕಂಪ್ರೆಸರ್ ನಿಂತಿತು. ಇನ್ವರ್ಟರ್ ಇಳಿಯುವ ಒಂದೆರಡು ಸೆಕೆಂಡು ಆ 15 ಹೊರಗೇ ಹೋಗುತ್ತದೆ. ಅದಕ್ಕೇ ಗ್ರಿಡ್‌ನಿಂದ ಸದಾ ಸ್ವಲ್ಪ, ಉದಾಹರಣೆಗೆ 5 ಕಿಲೋವ್ಯಾಟ್, ಎಳೆಯುವಂತೆ ಸೆಟ್ ಮಾಡಬೇಕು. ಆಗಲೂ 10 ಹೊರಹೋಗುತ್ತದೆ, ಆದರೆ ಕಡಿಮೆ ಹೊತ್ತು. ರಿವರ್ಸ್ ಪವರ್ ರಿಲೇಯ ವಿಳಂಬವನ್ನು ಅದಕ್ಕೆ ಹೊಂದಿಸಬೇಕು, ಅದೂ ವಿದ್ಯುತ್ ಕಂಪನಿ ಒಪ್ಪಿದಷ್ಟೇ. ಸೋಲಾರ್ ಸ್ವಲ್ಪ ನಷ್ಟವಾಗುತ್ತೆ, ಹೌದು. ಅದಕ್ಕೆ ನನ್ನನ್ನು ಬೈದು ಪ್ರಯೋಜನವಿಲ್ಲ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ: ಮೀಟರ್‌ನ ಮಾತು ನಿಂತುಹೋದರೆ ಇನ್ವರ್ಟರ್ ಏನು ಮಾಡುತ್ತೆ? ಇದನ್ನು ನನ್ನ ಹತ್ತಿರ ಯಾರೂ ಕೇಳುವುದಿಲ್ಲ.

ಒಂದು ಅಂಗಡಿ ಸಂಕೀರ್ಣದಲ್ಲಿ ಫಾಲ್ಸ್ ಸೀಲಿಂಗ್ ಕೆಲಸದವರು ಶನಿವಾರ ಸಂಜೆ, ಮೀಟರ್‌ನ ಮಾತು ಇನ್ವರ್ಟರ್‌ಗೆ ಮುಟ್ಟಿಸುವ ಆರ್‌ಎಸ್-485 ಕೇಬಲ್ ಎಳೆದುಹಾಕಿದ್ದರು. ಭಾನುವಾರ ಅಂಗಡಿಗಳಿಗೆ ರಜೆ. ಲೋಡ್ 6 ಕಿಲೋವ್ಯಾಟ್, ಮೇಲೆ ಒಳ್ಳೇ ಬಿಸಿಲು, ಸೋಲಾರ್ 50. ಪರದೆಯ ಮೇಲೆ ಎಕ್ಸ್‌ಪೋರ್ಟ್ ಲಿಮಿಟ್ ಆಗಲೂ 0 ಅಂತಲೇ ಇತ್ತು! ರಿಲೇ ಹಾಕಿರಲಿಲ್ಲ. ನೆಟ್ ಮೀಟರಿಂಗ್ ಇಲ್ಲದ ವಿದ್ಯುತ್ ಕಂಪನಿಯ ಎಷ್ಟೋ ಮೀಟರ್‌ಗಳು ಹಿಂದಕ್ಕೆ ಹೋದ ಯೂನಿಟ್ಟನ್ನೂ ಬಳಕೆಗೇ ಸೇರಿಸುತ್ತವೆ. ಇಲ್ಲೂ ಹಾಗೇ ಆಯಿತು. ಮಾಲೀಕರು ಗ್ರಿಡ್‌ಗೆ ಪುಕ್ಕಟೆ ಕೊಟ್ಟ ಕರೆಂಟಿಗೆ ತಾವೇ ದುಡ್ಡು ಕಟ್ಟಿದರು. ಬೈಗುಳ ಮಾತ್ರ ಸೋಲಾರ್‌ಗೆ ಬಿತ್ತು, ಸೀಲಿಂಗ್‌ನವರಿಗಲ್ಲ.

ಸಂಪರ್ಕ ಕಡಿದಾಗ ಉತ್ಪಾದನೆ 0ಗೆ ಇಳಿಯಬೇಕು ಅನ್ನೋ ಸೆಟ್ಟಿಂಗ್ ಎಕ್ಸ್‌ಪೋರ್ಟ್ ಲಿಮಿಟ್‌ಗಿಂತ ಬೇರೆ. ಹಲವು ಇನ್ವರ್ಟರ್‌ಗಳಲ್ಲಿ ಅದನ್ನು ಹುಡುಕಿ ಆನ್ ಮಾಡಬೇಕು. ಇನ್ವರ್ಟರ್‌ಗಳನ್ನೆಲ್ಲ ನಡೆಸುವ ಲಾಗರ್‌ನಲ್ಲಿ ಮಾತ್ರ ಮಾಡಿದರೆ ಸಾಲದು, ಪ್ರತಿ ಇನ್ವರ್ಟರ್‌ನಲ್ಲೂ ಮಾಡಬೇಕು, ಯಾಕಂದ್ರೆ ಲಾಗರೇ ಸತ್ತರೆ ಆಜ್ಞೆ ಕೊಡೋರು ಯಾರು? ಬಿಲ್ ಪಾಸ್ ಮಾಡುವ ಮುಂಚೆ, ಮಟಮಟ ಮಧ್ಯಾಹ್ನ, ಕಂಟ್ರಾಕ್ಟರ್ ಎದುರಿಗೇ ಮೀಟರ್‌ನ ಆರ್‌ಎಸ್-485 ಕೇಬಲ್ ಕಿತ್ತು ನೋಡಿ. ಇನ್ವರ್ಟರ್ ಕೆಲವೇ ಸೆಕೆಂಡಿನಲ್ಲಿ ಇಳಿಯಬೇಕು. ಆಮೇಲೆ ಕೇಬಲ್ ಹಾಕಿ, ಲಾಗರ್‌ನ ಸ್ವಿಚ್ ಆರಿಸಿ ಇನ್ನೊಮ್ಮೆ ನೋಡಿ.