ರಿಪೋರ್ಟ್‌ನಲ್ಲಿ ಇಲ್ಲ ಅಂತ ಬಂದಿದೆಯಲ್ಲ?

“ರಿಪೋರ್ಟ್‌ನಲ್ಲಿ ವೈರಸ್ ಇಲ್ಲ ಅಂತ ಬಂದಿದೆಯಲ್ಲ ಡಾಕ್ಟ್ರೇ, ಮತ್ಯಾಕೆ ಇನ್ನೂ ಡ್ರಿಪ್ಪು?”

ವಾರವಿಡೀ ಈ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಕೇಳಿದ್ದು ರೋಗಿಯ ಭಾವಮೈದುನ. ಬಿಲ್ಲಿನ ಒಂದೊಂದು ಸಾಲಿಗೂ ಲೆಕ್ಕ ಕೇಳುವ ಮನುಷ್ಯ. ವಾರ್ಡಿನಲ್ಲಿ ಅವರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ.

ರೋಗಿ ಐವತ್ತು ದಾಟಿದ ಮೇಷ್ಟ್ರು. ಹಿಂದಿನ ದಿನ ಜ್ವರ, ತಲೆನೋವು. ಬೆಳಿಗ್ಗೆ ಎದ್ದವರೇ ಏನೋ ಸೀದ ವಾಸನೆ ಅಂತ ಅಡುಗೆಮನೆಗೆ ಓಡಾಡಿದ್ದಾರೆ. ಒಲೆ ಹಚ್ಚಿಯೇ ಇರಲಿಲ್ಲ. ಮಧ್ಯಾಹ್ನ ಚಮಚ ತೋರಿಸಿ ಬೀಗದ ಕೈ ಕೊಡು ಅಂದರು. ಸಂಜೆ ಫಿಟ್ಸ್. ಯಾರೋ ಮಾನಸಿಕ ಡಾಕ್ಟರಿಗೆ ತೋರಿಸಿ ಅಂದಿದ್ದರಂತೆ. ಆದರೆ ಜ್ವರದ ಜೊತೆ ಇಲ್ಲದ ವಾಸನೆ, ತಪ್ಪುವ ಮಾತು, ಫಿಟ್ಸ್ ಬಂದರೆ ವಾಸನೆ, ಮಾತು, ನೆನಪು ನೋಡಿಕೊಳ್ಳುವ ಮಿದುಳಿನ ಪಕ್ಕದ ಭಾಗ, ಟೆಂಪೊರಲ್ ಲೋಬ್ ಕಡೆ ನೋಡಲೇಬೇಕು. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸೇ ಅಪರೂಪಕ್ಕೆ ಮಿದುಳಿಗೆ ಹೋದಾಗ ಹೆಚ್ಚಾಗಿ ಹಾಳು ಮಾಡುವುದು ಆ ಜಾಗವನ್ನೇ.

ಸಿಟಿ ಸ್ಕ್ಯಾನ್ ನಾರ್ಮಲ್ ಇತ್ತು. ಮೊದಲ ದಿನಗಳಲ್ಲಿ ಹಾಗಿರುವುದುಂಟು. ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಬೆನ್ನಿನಿಂದ ತೆಗೆದು ನೋಡಿದಾಗ ಬಿಳಿ ಕಣ ಜಾಸ್ತಿ, ಸಕ್ಕರೆ ಸರಿಯಾಗಿತ್ತು. ವೈರಸ್ ಇರಬಹುದು ಅನ್ನುವ ಸುಳಿವು ಅದು. ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಆ ನೀರನ್ನು ಕಳಿಸಿ, ಅದೇ ರಾತ್ರಿ ಹರ್ಪಿಸ್ ತಡೆಯುವ ಔಷಧಿ ಎಸೈಕ್ಲೋವಿರ್ ಡ್ರಿಪ್‌ನಲ್ಲಿ ಶುರು ಮಾಡಿದೆವು. ಅರವತ್ತು ಕೆಜಿ ತೂಕಕ್ಕೆ 600 ಮಿಲಿಗ್ರಾಂ, 8 ಗಂಟೆಗೊಮ್ಮೆ.

ರಿಪೋರ್ಟ್ ಬರುವವರೆಗೆ ಕಾಯಬಹುದಿತ್ತಲ್ವಾ? ಚಿಕಿತ್ಸೆ ಇಲ್ಲದಿದ್ದರೆ ಈ ಕಾಯಿಲೆಯಲ್ಲಿ ನೂರಕ್ಕೆ ಸುಮಾರು 70 ಜನ ಸಾಯುತ್ತಾರೆ. ಎಚ್ಚರ ತಪ್ಪುವ ಮೊದಲೇ ಔಷಧಿ ಸಿಕ್ಕಿದವರು ಎಷ್ಟೋ ವಾಸಿ. ಸತ್ತ ನರಕೋಶ ಮತ್ತೆ ಬರುವುದಿಲ್ಲ, ತಡವಾದಷ್ಟೂ ನೆನಪು ಹೋಗುತ್ತದೆ. ಇನ್ನು ಔಷಧಿಯೋ, ವೈರಸ್ಸಿನದೇ ಒಂದು ಕಿಣ್ವ ಅದನ್ನು ಚುರುಕು ಮಾಡಬೇಕು. ಹಾಗಾಗಿ ವೈರಸ್ ಹೊಕ್ಕ ಕೋಶದಲ್ಲೇ ಅದರ ಕೆಲಸ, ಉಳಿದ ಕೋಶಗಳಿಗೆ ತೊಂದರೆ ಕಡಿಮೆ. ಹೆದರಬೇಕಾದದ್ದು ಕಿಡ್ನಿಗೆ. ಬೇಗ ಹರಿಸಿದರೆ ಅಲ್ಲಿ ಹರಳು ಕಟ್ಟುತ್ತದೆ. ಅದಕ್ಕೇ ಒಂದು ಗಂಟೆ ನಿಧಾನಕ್ಕೆ ಬಿಡುವುದು, ಸಲೈನ್ ಕೊಡುವುದು, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡುತ್ತಿರುವುದು. ರೋಗ ಇಲ್ಲದವರಿಗೆ ಕೊಟ್ಟರೆ ಆಗುವ ನಷ್ಟ ಇಷ್ಟು. ಇದ್ದವರಿಗೆ ಕೊಡದಿದ್ದರೆ?

ಆಮೇಲೆ ಬಂತು ಪಿಸಿಆರ್ ನೆಗೆಟಿವ್. ಆಗಲೇ ಆ ಭಾವಮೈದುನ ಫೈಲು ಹಿಡಿದು ನಿಂತಿದ್ದು. ಸುಮ್ನೆ ಕೇಳಿದ್ದಲ್ಲ, ಪ್ರಶ್ನೆ ನ್ಯಾಯವಾಗಿಯೇ ಇತ್ತು. ಹೊರಗೆ ಕರೆದು ಹೇಳಿದೆ: ಕಾಯಿಲೆಯ ಮೊದಲ ಮೂರು ದಿನ ನೀರಿನಲ್ಲಿ ವೈರಸ್ ಸಿಗದೇ ಹೋಗಬಹುದು. ಎಂಆರ್‌ಐನಲ್ಲಿ ಎಡ ಟೆಂಪೊರಲ್ ಲೋಬ್ ಬೆಳ್ಳಗೆ ಊದಿದೆ. ಕಾಗದ ಇಲ್ಲ ಅಂದರೂ ಮಿದುಳು ಹೌದು ಅನ್ನುತ್ತಿದೆ. ಇನ್ನೊಮ್ಮೆ ನೀರು ತೆಗೆಯೋಣ.

ಎರಡನೇ ಸಲ ಪಾಸಿಟಿವ್ ಬಂತು. ನನಗೆ ಖುಷಿಗಿಂತ ಭಯ ಜಾಸ್ತಿ ಆಯಿತು. ಮೊದಲ ಕಾಗದ ನೋಡಿ ಡ್ರಿಪ್ ನಿಲ್ಲಿಸುವ ಡಾಕ್ಟರೂ ಇರುತ್ತಾರೆ. ಮನೆಯವರು ದುಡ್ಡಿಗೆ ಒದ್ದಾಡುತ್ತಿರುವಾಗ ನಿಲ್ಲಿಸುವುದೇ ದಯೆ ಅನ್ನಿಸುತ್ತದೆ.

ನಿನ್ನೆ ಭಾವಮೈದುನ ಮತ್ತೆ ಬಂದಿದ್ದರು. “ಈಗ ಮಾತಾಡ್ತಿದ್ದಾರಲ್ಲ, ಮಾತ್ರೆ ಕೊಟ್ಟು ಮನೆಗೆ ಕಳಿಸಿ.” ಆಗಲ್ಲ ಅಂದೆ. ಮಾತ್ರೆ ನುಂಗಿದರೆ ಮಿದುಳಿಗೆ ಬೇಕಾದಷ್ಟು ಮುಟ್ಟುವುದಿಲ್ಲ, 21 ದಿನ ರಕ್ತನಾಳದಲ್ಲೇ ಹೋಗಬೇಕು. ಅವರು ಕ್ಯಾಲೆಂಡರ್ ತೆಗೆದು ಎಣಿಸತೊಡಗಿದರು.