ನೆತ್ತಿಯ ಮೇಲಿನ ಟೇಪು

"ಒಳಗಿನ ಸುತ್ತೇ ಬೇರೆ, ಹೊರಗಿನ ಸುತ್ತೇ ಬೇರೆ. ನಾನು ಯಾವುದ್ನ ಹಿಡೀಲಿ ಮೇಷ್ಟ್ರೇ?"

ಸೋಮವಾರ ಮಂಡ್ಯದ ಪೇಟೆ ಬೀದಿಯ ದರ್ಜಿಯೊಬ್ಬರು ಕೇಳಿದ ಈ ಮಾತು ಇಂದಿಗೂ ನನ್ನ ಕಿವಿಯಲ್ಲೇ ಇದೆ. ನಮ್ಮ ತಾಯಿಯವರಿಗೆ ಕೂರುವಾಗ ಸೊಂಟದ ಕೆಳಗೆ ಒತ್ತದಿರಲೆಂದು ಹಳೆಯ ಕಾರಿನ ಟ್ಯೂಬೊಂದಕ್ಕೆ ಗಾಳಿ ತುಂಬಿಸಿ, ಅದಕ್ಕೆ ಬಟ್ಟೆಯ ಹೊದಿಕೆ ಹೊಲಿಸಲು ಹೋಗಿದ್ದೆ. ಟ್ಯೂಬಿನ ಹೊರವ್ಯಾಸ 60 ಸೆಂ.ಮೀ., ನಡುವಿನ ತೂತಿನ ವ್ಯಾಸ 30. ಹಾಗಾಗಿ ಟ್ಯೂಬಿನ ದಪ್ಪ 15. ಜೊತೆಯಲ್ಲಿ ಬಂದಿದ್ದ ನನ್ನ ಸೋದರಳಿಯ, ಇಂಜಿನಿಯರನಾದ್ದರಿಂದ ಎಲ್ಲಕ್ಕೂ ತಕ್ಷಣ ಉತ್ತರ ಕೊಡಬೇಕೆಂಬ ಚಟದವನು, "ಹೊರಗಿನ ಸುತ್ತನ್ನೇ ಹಿಡೀರಿ, ಮಾವ, ಬಟ್ಟೆ ಉಳಿದ್ರೆ ಉಳೀಲಿ" ಎಂದ.

ಮೂವತ್ತು ವರ್ಷ ನಾನು ಕರಿಹಲಗೆಯ ಮೇಲೆ ಇಂಥ ಉಂಗುರದ ಮೇಲ್ಮೈ ವಿಸ್ತೀರ್ಣ 4π²Rr ಎಂದು ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. 4ನೇ ಶತಮಾನದ ಅಲೆಕ್ಸಾಂಡ್ರಿಯದ ಪ್ಯಾಪಸ್ ಹೇಳಿದ ಸೂತ್ರದ ಪ್ರಕಾರ, ಟ್ಯೂಬನ್ನು ಅಡ್ಡ ಕೊಯ್ದಾಗ ಕಾಣುವ ವೃತ್ತದ ಪರಿಧಿಯನ್ನು, ತೂತಿನ ನಟ್ಟನಡುವಿನ ಅಕ್ಷದ ಸುತ್ತ ಅದರ ಕೇಂದ್ರ ಸಾಗಿದ ದಾರಿಯ ಉದ್ದದಿಂದ ಗುಣಿಸಿದರೆ ಮೇಲ್ಮೈ ವಿಸ್ತೀರ್ಣ ಸಿಗುತ್ತದೆ. ಟ್ಯೂಬಿನ ಮೈಸುತ್ತು 47.1 ಸೆಂ.ಮೀ. ಅಕ್ಷದಿಂದ ಕೇಂದ್ರದ ದೂರ 22.5 ಆದ್ದರಿಂದ ಅದರ ದಾರಿ 141.4. ಗುಣಿಸಿದರೆ ಸುಮಾರು 6,662 ಚದರ ಸೆಂ.ಮೀ. ಆದರೆ ದರ್ಜಿಯವರು ಕೇಳಿದ್ದು ಲೆಕ್ಕದ ಉತ್ತರವನ್ನಲ್ಲ. ಗಾಳಿಯೊಳಗೆ ಅಡಗಿರುವ, ಯಾರೂ ಮುಟ್ಟಲಾಗದ ಆ ಕೇಂದ್ರದ ದಾರಿಯೇ ಏಕೆ ಎಂದು ಅವರು ಕೇಳಿದ್ದರು.

ಅಂಗಡಿಯ ಮುಂದಿನ ಮಣೆಯ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದೆ. ಕೇಂದ್ರಕ್ಕಿಂತ ಹೊರಗೆ 3 ಸೆಂ.ಮೀ. ಸರಿದ ಬಿಂದು 160.2 ಸೆಂ.ಮೀ. ಸುತ್ತುತ್ತದೆ, ಅಷ್ಟೇ ದೂರ ಒಳಗೆ ಸರಿದ ಜೊತೆಗಾರ ಬಿಂದು 122.5 ಸುತ್ತುತ್ತದೆ. ಎರಡನ್ನೂ ಕೂಡಿಸಿದರೆ ಕೇಂದ್ರದ ದಾರಿಯ ಎರಡರಷ್ಟಾಗುತ್ತದೆ. ವೃತ್ತದ ಪರಿಧಿಯ ಪ್ರತಿ ಚೂರಿಗೂ ಎದುರಿಗೆ ಅಂಥದ್ದೇ ಒಂದು ಚೂರು ಇರುವುದರಿಂದ, ಹೊರಗೆ ಹೆಚ್ಚಾದದ್ದು ಒಳಗೆ ಕಡಿಮೆಯಾದದ್ದಕ್ಕೆ ಸರಿಹೋಗುತ್ತದೆ. ಈ ಸರಿತೂಕ ಇಡೀ ವೃತ್ತಕ್ಕೆ ಮಾತ್ರ ಸಲ್ಲುತ್ತದೆ. ಹೊರಗಿನ ಅರ್ಧ ಮೈಗಷ್ಟೇ ಬಟ್ಟೆ ಬೇಕೆಂದರೆ ವೃತ್ತಕೇಂದ್ರ ನೆರವಿಗೆ ಬರದು. ಅಲ್ಲಿ ಅರ್ಧವೃತ್ತದ ಬಾಗಿದ ಗೆರೆಯ ಗುರುತ್ವಕೇಂದ್ರವನ್ನು ಹಿಡಿಯಬೇಕು. ಅದು ಇನ್ನೂ 4.8 ಸೆಂ.ಮೀ. ಹೊರಗಿರುತ್ತದೆ. ಹೊರ ಅರ್ಧದ ವಿಸ್ತೀರ್ಣ ಸುಮಾರು 4,040 ಆಗಿ, ಒಳ ಅರ್ಧಕ್ಕೆ 2,620ರಷ್ಟೇ ಉಳಿಯುತ್ತದೆ.

ದರ್ಜಿಯವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಕೊರಳಿಂದ ಟೇಪನ್ನು ತೆಗೆದು ಟ್ಯೂಬಿನ ನೆತ್ತಿಯ ಮೇಲೆ, ಅತಿ ಎತ್ತರವಾಗಿ ಉಬ್ಬಿದ ಗೆರೆಯ ಉದ್ದಕ್ಕೂ ಒತ್ತುತ್ತ ಒಂದು ಸುತ್ತು ತಂದರು. "ನೂರಾ ನಲವತ್ತೊಂದು" ಎಂದರು. ನಾನು ಬೆಪ್ಪಾದೆ. ನೆತ್ತಿಯ ಗೆರೆ ಕೇಂದ್ರದ ನೇರ ಮೇಲಿರುವುದರಿಂದ ಅಕ್ಷದಿಂದ ಅದಕ್ಕೂ ಅಷ್ಟೇ ದೂರ. ಮುಟ್ಟಲಾಗದೆಂದು ನಾನು ಅಂದುಕೊಂಡಿದ್ದ ದಾರಿಯ ಉದ್ದ ಹೊರಗೆ, ರಬ್ಬರಿನ ಮೇಲೆಯೇ ಬಿದ್ದುಕೊಂಡಿತ್ತು. ಇದನ್ನು ಒಂದೇ ಒಂದು ತರಗತಿಯಲ್ಲಿಯೂ ನಾನು ತೋರಿಸಿರಲಿಲ್ಲ. ಆ ಟೇಪು ತಿರುಗಿದ ದೃಶ್ಯವನ್ನು ನೆನೆದಾಗಲೆಲ್ಲ ನನ್ನ ಮೇಷ್ಟರಗಿರಿಯ ಮೇಲೆ ನನಗೇ ಸಿಟ್ಟು ಬರುತ್ತದೆ.

ಹಾಗೆಂದು 141 ಉದ್ದ, 47 ಅಗಲದ ನೇರ ಬಟ್ಟೆಯನ್ನು ಸುತ್ತಿ ಹೊಲಿದುಬಿಡಲಾಗದು. ವಿಸ್ತೀರ್ಣವೇನೋ ಸರಿ, ಆದರೆ ಹೊರಗಿನ ಸುತ್ತು 188 ಇರುವಲ್ಲಿ ಬಟ್ಟೆ 47 ಸೆಂ.ಮೀ. ಸಾಲದು, ಒಳಗಿನ ಸುತ್ತು 94 ಇರುವಲ್ಲಿ ಅಷ್ಟೇ ಹೆಚ್ಚಾಗಿ ನೆರಿಗೆ ಬೀಳುತ್ತದೆ. ಅದು ದರ್ಜಿಯವರಿಗೆ ನಾನು ಹೇಳದೆಯೇ ಗೊತ್ತಿತ್ತು. ಅವರು 16 ತುಂಡುಗಳನ್ನು ಕತ್ತರಿಸಿದರು. ಪ್ರತಿಯೊಂದೂ 47 ಉದ್ದ. ನಡುವೆ, ಅಂದರೆ ಹೊರಮೈಗೆ ಬರುವ ಕಡೆ, 11.8 ಅಗಲ, ಎರಡೂ ತುದಿಗಳಲ್ಲಿ, ತೂತಿನ ಕಡೆ, 5.9. ನೆತ್ತಿಗೆ ಬರುವ ಜಾಗದಲ್ಲಿ ಅಗಲ 8.8 ಇತ್ತು, ಅದೇ ಸರಾಸರಿಯೂ ಹೌದು.

ಆದರೆ ಒಂದು ಮಾತು ನಾನು ಮರೆತಿದ್ದೆ. ಪ್ರತಿ ತುಂಡಿಗೂ ಎರಡು ಅಂಚಿನಲ್ಲಿ ಹೊಲಿಗೆಗೆಂದು ಒಂದೊಂದು ಸೆಂ.ಮೀ. ಬಿಡಬೇಕು, 16 ತುಂಡಿಗೆ ಅದೇ ಸುಮಾರು 1,500 ಚದರ ಸೆಂ.ಮೀ. ಆಯಿತು. ತುಂಡುಗಳ ನಡುವೆ ಬೀಳುವ ಚೂರುಪಾರು ಬೇರೆ. ಹೊರಗಿನ ಸುತ್ತನ್ನು ಹಿಡಿದರೆ ಬರುವ 8,880ಕ್ಕೆ ಲೆಕ್ಕ ಹತ್ತಿರವಾಗುತ್ತಿರುವುದನ್ನು ಕಂಡು ಸೋದರಳಿಯ ನಕ್ಕ. ಅವನ ಕಾರಣ ತಪ್ಪೆಂದು ನಾನು ಮನೆಯವರೆಗೂ ವಾದಿಸಿದೆ. ಅಂಗಡಿಯಲ್ಲಿ ಉಳಿದ ಬಟ್ಟೆ ಮಾತ್ರ ಒಂದು ಕರವಸ್ತ್ರಕ್ಕೂ ಸಾಲುತ್ತಿರಲಿಲ್ಲ.